ಕಾಬೂಲಿನ ದವಾಖಾನೆ, ನವಲಗುಂದದ ದವಾಖಾನೆ

ಫಾರಸಿ ಒಂದೇ ಭಾಷೆ. ಅದನ್ನು ಟೆಹರಾನಿನವರು ಫಾರ್ಸಿ ಎಂದೂ ಕಾಬೂಲಿನ ಸರ್ಕಾರದವರು ದರಿ ಎಂದೂ ಕರೆಯುತ್ತಾರೆಂಬುದನ್ನು ಬಿಟ್ಟರೆ ಹೇಳಿಕೊಳ್ಳತಕ್ಕ ಭೇದವೇನೂ ಇಲ್ಲವೆಂದು ವಾದಿಸುವ ವಿದ್ವಾಂಸರ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಲಿಪಿ ಒಂದು, ವ್ಯಾಕರಣದ ಮೈಕಟ್ಟು ಒಂದು, ಫಿರ್ದೌಸಿಯೂ ಹಾಫಿಜನೂ ಎರಡು ನಾಡುಗಳಿಗೂ ಸಮಾನವಾದ ಪಿತ್ರಾರ್ಜಿತ. ಆಫ್ಘಾನಿಸ್ತಾನದ 1964ರ ಸಂವಿಧಾನವು ಪಷ್ತೋವಿನ ಜೊತೆಗೆ ದರಿಯನ್ನೂ ರಾಜ್ಯಭಾಷೆಯೆಂದು ಸಾರಿದ ಮೇಲೆಯೂ ಕಾಬೂಲಿನ ಎಷ್ಟೋ ಮನೆಗಳಲ್ಲಿ ತಮ್ಮ ಮಾತಿಗೆ ಫಾರಸಿಯೆಂದೇ ಹೆಸರು. ಕಾವ್ಯವನ್ನು ಓದುವವನಿಗೆ ಈ ಐಕ್ಯವು ಸಾಕು. ಆದರೆ ಭೇದಿ ಹತ್ತಿದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಯು ಏನನ್ನು, ಎಷ್ಟು ಕುಡಿಸಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ತಿಳಿಸುವ ಆರೋಗ್ಯ ಪ್ರಕಟಣೆಯೊಂದನ್ನು ಇಂಗ್ಲಿಷಿಗೆ ತಿರುಗಿಸಲು ಕುಳಿತವನಿಗೆ ಅದೇ ಐಕ್ಯವು ನಂಬಿ ಕೆಡುವ ಹಾದಿಯಾಗಬಹುದು. ಏಕೆಂದರೆ ಅವನನ್ನು ಕೆಡಿಸುವುದು ತಾನು ಅರಿಯದ ಪದವಲ್ಲ, ಚೆನ್ನಾಗಿ ಅರಿತಿದ್ದೇನೆಂದು ಅವನು ಭಾವಿಸಿಕೊಂಡಿರುವ ಪದ.

ಈ ವಿಚಾರವು ಧಾರವಾಡ ಸೀಮೆಯವರಿಗೆ ಏಕೆ ಎಂದು ಯಾರಾದರೂ ಕೇಳಿಯಾರು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಆಫ್ಘಾನಿಸ್ತಾನದ ತರುಣರು ಓದಲು ಬಂದುದುಂಟು; ಅದು ಒಂದು ಕಾರಣ. ಅದಕ್ಕಿಂತ ಹಳೆಯ ಕಾರಣವು ನಮ್ಮ ಬಾಯಲ್ಲಿಯೇ ಇದೆ. 1490ರಿಂದ 1686ರವರೆಗೆ ವಿಜಾಪುರದಲ್ಲಿ ಆಳಿದ ಆದಿಲಶಾಹಿಗಳು, ಅವರ ತರುವಾಯ ಸವಣೂರಿನ ನವಾಬರು, ಫಾರಸಿಯ ಪರಿಭಾಷೆಯನ್ನು ಹಾಗೆಯೇ ಉಳಿಸಿಕೊಂಡ ಮರಾಠರು, ಇವರೆಲ್ಲರ ದಫ್ತರಗಳ ಮೂಲಕ ಇಳಿದುಬಂದ ಮಾತುಗಳನ್ನು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ರೈತನು ತನ್ನ ಸ್ವಂತದವೆಂದೇ ಆಡುತ್ತಾನೆ. ಮೈಸೂರಿನ ಕಡೆಯವರು ಆಸ್ಪತ್ರೆ ಎನ್ನುವಲ್ಲಿ ನಮ್ಮ ಮುದುಕಿಯು ‘ದವಾಖಾನಿಗೆ ಹೋಗಿ ಬರ್ತೇನವಾ’ ಎಂದು ಚೀಲ ಹಿಡಿದು ಹೊರಡುತ್ತಾಳೆ. ಹೀಗಾಗಿ ದರಿಯ ಪ್ರಕಟಣೆಯೊಂದನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಧಾರವಾಡದ ಕಿವಿಗೆ ಅದು ಅರ್ಧ ಪರಿಚಿತವೆನಿಸುವುದು ಸಹಜ. ಆ ಪರಿಚಯವು ಎಲ್ಲಿ ಉಪಕಾರಿ, ಎಲ್ಲಿ ವಂಚಕ ಎಂಬುದನ್ನು ನೋಡಬೇಕಾಗಿದೆ.

ವಿಚಾರಕ್ಕೆ ಆಧಾರವಾಗಿ, ಬೇಸಗೆಯ ಭೇದಿಯ ಬಗ್ಗೆ ಹೊರಡುವಂತಹ ಒಂದು ಪ್ರಕಟಣೆಯನ್ನು ಕಲ್ಪಿಸಿಕೊಳ್ಳೋಣ. ಅದರ ತಲೆಯ ಮೇಲೆ ‘ವಿಜಾರತೆ ಸೆಹತೆ ಆಮ್ಮಾ’, ಅಂದರೆ ಸಾರ್ವಜನಿಕ ಆರೋಗ್ಯ ಸಚಿವಾಲಯ, ಎಂಬ ಹೆಸರು. ಕೆಳಗೆ ಸರತಾನ್ 10 ಎಂಬ ತಾರೀಖು. ಒಡಲಿನಲ್ಲಿ ಐದು ಮಾತು: ಭೇದಿಯ ‘ವಾಕಿಆತ್’ ಹೆಚ್ಚುತ್ತಿವೆ, ಎರಡು ವರ್ಷ ಮೀರಿದ ಮಗುವಿಗೆ ಪ್ರತಿ ಸಲ ನೀರಾಗಿ ಹೋದ ಮೇಲೆ ಓ.ಆರ್.ಎಸ್. ದ್ರಾವಣವನ್ನು ಅರ್ಧದಿಂದ ಒಂದು ‘ಗಿಲಾಸ್’ ಕುಡಿಸಿರಿ, ಓ.ಆರ್.ಎಸ್. ಪುಡಿಯು ‘ದವಾಖಾನಾ’ದಲ್ಲಿ ದೊರೆಯುತ್ತದೆ; ದಾಕ್ತರರ ಅಪ್ಪಣೆಯಿಲ್ಲದೆ ‘ಪಿಚ್ಕಾರೀ’ ಮಾಡಬೇಡಿರಿ; ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗುವು ಕುಡಿಯಲಾರದೆ ಹೋದರೆ ಕೂಡಲೆ ‘ಶಫಾಖಾನಾ’ಕ್ಕೆ ಒಯ್ಯಿರಿ. ಇರಾನಿನ ಪುಸ್ತಕಗಳಿಂದ ಫಾರಸಿ ಕಲಿತ ಒಬ್ಬನು, ಉರ್ದು ಬಲ್ಲ ನಮ್ಮ ಧಾರವಾಡದ ಇನ್ನೊಬ್ಬನು, ಇವರಿಬ್ಬರೂ ಬೇರೆ ಬೇರೆ ಕುಳಿತು ಇದನ್ನು ಇಂಗ್ಲಿಷಿಗೆ ತಿರುಗಿಸುತ್ತಿರುವರೆಂದು ಭಾವಿಸಿದರೆ, ಅವರು ಎಡವುವ ಸ್ಥಳಗಳು ಬೇರೆ ಬೇರೆಯಾಗಿರುವುದು ಕಂಡುಬರುತ್ತದೆ.

ಮೊದಲಿಗೆ ಗಿಲಾಸನ್ನು ತೆಗೆದುಕೊಳ್ಳೋಣ. ಟೆಹರಾನಿನ ಕಿವಿಗೆ ಗಿಲಾಸ್ ಎಂದರೆ ಮುಂದಾಗಿ ತೋರುವುದು ಚೆರ್ರಿ ಹಣ್ಣು. ನೀರು ಕುಡಿಯುವ ಲೋಟಕ್ಕೆ ಅಲ್ಲಿ ‘ಲೀವಾನ್’ ಎಂಬ ಬೇರೆ ಮಾತಿದೆ. ಕಾಬೂಲಿನವನಿಗಾದರೋ ಅದು ನಮ್ಮ ಗ್ಲಾಸೇ. ಪ್ರತಿ ಭೇದಿಗೆ ಅರ್ಧದಿಂದ ಒಂದು ಚೆರ್ರಿ ಎಂದು ಬರೆದ ಅನುವಾದಕನು ಮರುವಾಕ್ಯಕ್ಕೆ ಹೋಗುವ ಮೊದಲೇ ತನ್ನ ತಪ್ಪನ್ನು ಕಂಡು ನಕ್ಕುಬಿಡುತ್ತಾನೆ. ಧಾರವಾಡದವನಿಗಂತೂ ಅನುಮಾನವೇ ಹುಟ್ಟುವುದಿಲ್ಲ. ಆದರೂ ಈ ಪದವನ್ನು ಅಷ್ಟಕ್ಕೇ ಬಿಡುವಂತಿಲ್ಲ. ಎರಡರಿಂದ ಹತ್ತು ವರ್ಷದ ಮಗುವಿಗೆ ಪ್ರತಿ ಸಲ 100ರಿಂದ 200 ಮಿಲಿಲೀಟರು, ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಮಿಲಿಲೀಟರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಿಧಿ. ಅರ್ಧದಿಂದ ಒಂದು ಗಿಲಾಸು ಎಂಬ ಮಾತು ಈ ವಿಧಿಗೆ ಸರಿಹೊಂದುವುದು ಗಿಲಾಸು ಸುಮಾರು 200 ಮಿಲಿಲೀಟರಿನದಾಗಿದ್ದಾಗ ಮಾತ್ರ. ಚಹಾದಂಗಡಿಯ ಚಿಕ್ಕ ಗ್ಲಾಸೂ ಗ್ಲಾಸೇ, ಊಟಕ್ಕಿಡುವ ದೊಡ್ಡ ಲೋಟವೂ ಗ್ಲಾಸೇ ಆಗಿರುವ ನಮ್ಮ ಮನೆಗಳಲ್ಲಿ ಹೇಗೋ ಅಲ್ಲಿಯೂ ಹಾಗೆಯೇ. ಆದುದರಿಂದ ಇಂಗ್ಲಿಷಿನಲ್ಲಿ ಗ್ಲಾಸೆಂದು ಬರೆದು ಅದರ ಮುಂದೆ ಅಳತೆಯನ್ನೂ ಸೇರಿಸಿದವನೇ ಕೆಲಸವನ್ನು ಪೂರ್ತಿ ಮಾಡಿದವನು.

ಇದೇ ಬಗೆಯ, ಎಂದರೆ ಅಸಂಬದ್ಧವಾಗಿ ತೋರಿ ತಾನೇ ಸಿಕ್ಕಿಬೀಳುವ ಬಗೆಯ, ತೊಡಕು ತಾರೀಖಿನಲ್ಲಿಯೂ ಇದೆಯೆಂದು ಮೊದಲ ನೋಟಕ್ಕೆ ತೋರುತ್ತದೆ. ಸರತಾನ್ ಎಂದರೆ ಏಡಿ. ಇಂಗ್ಲಿಷಿನಲ್ಲಿ ನಡೆದಂತೆ ಏಡಿಯ ಹೆಸರು ಅರ್ಬುದರೋಗಕ್ಕೂ ಸಂದಿದೆ, ಸಂಸ್ಕೃತದ ಕರ್ಕರಾಶಿಗೂ ಸಂದಿದೆ. ಇರಾನಿನವರು ಸೌರವರ್ಷದ ತಿಂಗಳುಗಳಿಗೆ ಫರ್ವರ್ದೀನ್, ಉರ್ದಿಬೆಹೆಶ್ತ್ ಮೊದಲಾದ ಪ್ರಾಚೀನ ಹೆಸರುಗಳನ್ನು ಇಟ್ಟುಕೊಂಡರು. ಆಫ್ಘಾನರು ಅದೇ ವರ್ಷದ ಅದೇ ತಿಂಗಳುಗಳನ್ನು ಹಮಲ್, ಸೌರ್, ಜೌಜಾ, ಸರತಾನ್ ಎಂದು ರಾಶಿಗಳ ಅರಬ್ಬೀ ಹೆಸರುಗಳಿಂದ, ಅಂದರೆ ನಮ್ಮ ಮೇಷ, ವೃಷಭ, ಮಿಥುನ, ಕರ್ಕಗಳಿಂದಲೇ, ಕರೆದರು. ಟೆಹರಾನಿನ ವಿದ್ಯಾರ್ಥಿಯು ಹತ್ತು ಅರ್ಬುದಗಳೆಂದು ತಿಳಿಯುವಷ್ಟು ದಡ್ಡನಾಗಿರಲಾರ. ಇಲ್ಲಿ ಹೆಚ್ಚಿನ ಅಪಾಯವಿರುವುದು ಪಂಚಾಂಗ ನೋಡುವ ನಮ್ಮವನಿಗೇ. ನಮ್ಮ ಕರ್ಕ ಸಂಕ್ರಮಣವು ನಿರಯನ ಗಣಿತದಿಂದ ಜುಲೈ ನಡುವಿಗೆ ಬರುತ್ತದೆ; ಅವರದು ಸಾಯನವಾದುದರಿಂದ ಜೂನ್ 22ರ ಸುಮಾರಿಗೆ, ನಮ್ಮ ಒಕ್ಕಲಿಗರು ಆರಿದ್ರಾ ಮಳೆ ಹೂಡಿತೆನ್ನುವ ಹೊತ್ತಿಗೆ, ಬರುತ್ತದೆ. 2022ರ ಜೂನ್ 22ರಂದು ಪಕ್ತಿಕಾ ಪ್ರಾಂತದಲ್ಲಿ ಆದ ಭೂಕಂಪವು ಆ ಲೆಕ್ಕದಲ್ಲಿ 1401ರ ಸರತಾನ್ 1. ಹಾಗಾದರೆ ಸರತಾನ್ 10 ಎಂಬುದು ಜುಲೈ 1 ಅಥವಾ ಅದರ ಆಚೀಚೆಯ ದಿನ. ಕರ್ಕ ಮಾಸದ ಹತ್ತನೆಯ ದಿನವೆಂದು ಪಂಚಾಂಗವನ್ನು ಬಿಡಿಸಿದವನು ಮೂರು ವಾರಕ್ಕೂ ಮಿಕ್ಕಿ ತಪ್ಪುತ್ತಾನೆ, ಆ ತಪ್ಪು ಅಸಂಬದ್ಧವಾಗಿ ತೋರುವುದೂ ಇಲ್ಲ.

‘ವಾಕಿಆ’ ಎಂಬುದನ್ನು ಬೇಗನೆ ಮುಗಿಸಬಹುದು. ಘಟನೆ ಎಂಬುದು ಅದರ ಸಾಮಾನ್ಯಾರ್ಥ. ಕಾಬೂಲಿನ ಆರೋಗ್ಯ ಕಚೇರಿಯ ಮಾತಿನಲ್ಲಿ ರೋಗ ತಗಲಿದ ಒಬ್ಬೊಬ್ಬ ವ್ಯಕ್ತಿಯ ಎಣಿಕೆಗೆ ಅದೇ ಪದ, ನಾವು ಪ್ರಕರಣ ಎನ್ನುವಂತೆ. ಇರಾನಿನಲ್ಲಿ ಆ ಅರ್ಥಕ್ಕೆ ‘ಮೌರಿದ್’ ಎನ್ನುವರು. ಇಂಗ್ಲಿಷಿನಲ್ಲಿ ಘಟನೆಗಳು ಹೆಚ್ಚುತ್ತಿವೆ ಎಂದು ಬರೆದರೆ ಓದುವ ಅಧಿಕಾರಿಯು ಗಲಭೆಯ ವರದಿಯೆಂದು ಭಾವಿಸಿಯಾನು. ಕೇಸುಗಳು ಎಂದು ಬರೆಯತಕ್ಕದ್ದು. ‘ತಕ್ಲೀಫ್’ ಎಂಬುದೂ ಇದರ ಸೋದರನೇ. ಪ್ರಕಟಣೆಯಲ್ಲಿ ಹೃದಯದ ತಕ್ಲೀಫ್ ಇರುವವರು ಎಂಬ ಮಾತೊಂದು ಬಂದರೆ, ಆ ಪದಕ್ಕೆ ಕರ್ತವ್ಯವೆಂದೂ ಶಾಲೆಯ ಮಕ್ಕಳ ಮನೆಪಾಠವೆಂದೂ ಅರ್ಥ ಕಲಿತ ಟೆಹರಾನಿನ ವಿದ್ಯಾರ್ಥಿಯು ತಡಬಡಿಸುತ್ತಾನೆ. ತ್ರಾಸು, ತಕಲೀಫು ಎಂದು ದಿನವೂ ಕೇಳುವ ನಮ್ಮವನು ಸಲೀಸಾಗಿ ದಾಟುತ್ತಾನೆ.

ಧಾರವಾಡದ ಕಿವಿಗೆ ಈ ಭಾಗ್ಯವು ಆಕಸ್ಮಿಕವಾಗಿ ಬಂದುದಲ್ಲ. ಇರಾನು ತನ್ನ ಆಧುನಿಕ ವೈದ್ಯದ ಮಾತುಗಳನ್ನು ಒಂದು ಕಡೆ ಫ್ರೆಂಚಿನಿಂದ ತಂದುಕೊಂಡಿತು, ಇನ್ನೊಂದು ಕಡೆ 1935ರಲ್ಲಿ ಸ್ಥಾಪಿತವಾದ ತನ್ನ ಭಾಷಾ ಪರಿಷತ್ತಿನ ಮೂಲಕ ಅರಬ್ಬೀ ಮಾತುಗಳನ್ನು ಕಳೆದು ಅಚ್ಚ ಫಾರಸಿಯಲ್ಲಿ ಹೊಸದಾಗಿ ಕಟ್ಟಿಕೊಂಡಿತು. ಕಾಬೂಲು ಆ ಶುದ್ಧೀಕರಣದ ಹೊರಗೆ ಉಳಿಯಿತು. ಅಷ್ಟೇ ಅಲ್ಲ, ಬೇಕಾದ ಹೊಸ ಮಾತುಗಳಲ್ಲಿ ಹಲವನ್ನು ಖೈಬರ್ ಕಣಿವೆಯ ಈಚೆಯ ಹಿಂದುಸ್ತಾನದಿಂದ ಕೊಂಡಿತು. ದಾಕ್ತರ್, ಗಿಲಾಸ್, ಪಿಚ್ಕಾರೀ, ಇವು ನಮ್ಮ ಕಡೆಯಿಂದ ಮೇಲೇರಿ ಹೋದ ಮಾತುಗಳು. ಆದುದರಿಂದ ದರಿಯ ಪ್ರಕಟಣೆಯನ್ನು ಓದುವಾಗ ಟೆಹರಾನಿನ ನಿಘಂಟಿಗಿಂತ ಹುಬ್ಬಳ್ಳಿಯ ಪೇಟೆಯ ಮಾತು ಒಮ್ಮೊಮ್ಮೆ ಹೆಚ್ಚು ಸಹಾಯಕ್ಕೆ ಬರುವುದೆಂದರೆ ಅದು ವಿನೋದವಲ್ಲ. ನಡುವೆ ಒಂದು ಮಾತು ಹೇಳಲೇಬೇಕೆನಿಸುತ್ತದೆ: ಟೆಹರಾನಿನಲ್ಲಿ ಸೂಲಗಿತ್ತಿಗೆ ‘ಮಾಮಾ’ ಎನ್ನುತ್ತಾರೆ, ತಾಯಿಯ ಅಣ್ಣತಮ್ಮಂದಿರಿಗೆ ‘ದಾಯೀ’ ಎನ್ನುತ್ತಾರೆ, ಕಾಬೂಲಿನಲ್ಲಿ ನಮ್ಮಲ್ಲಿಯಂತೆಯೇ ಮಾಮಾ ಎಂದರೆ ಸೋದರಮಾವ, ಶಿಕ್ಷಣ ಪಡೆದ ಸೂಲಗಿತ್ತಿಯು ‘ಕಾಬಿಲಾ’. ನಮ್ಮ ಉರ್ದು ಮನೆಗಳಲ್ಲಿ ಹೆರಿಗೆ ಮಾಡಿಸುವವಳು ದಾಯಿಯೇ ಆದುದರಿಂದ, ಕಲಘಟಗಿಯ ತೊಟ್ಟಿಲು ಕಟ್ಟಿದ ಮನೆಯೊಂದಕ್ಕೆ ಟೆಹರಾನಿನವನು ಬಂದು ದಾಯಿ ಎಲ್ಲಿ ಎಂದು ಕೇಳಿದರೆ, ಅವನು ಅರಸುತ್ತಿರುವುದು ಮಾಮನನ್ನು ಎಂಬುದು ಯಾರಿಗೂ ಹೊಳೆಯಲಾರದು.

ಆದರೆ ಪಿಚ್ಕಾರಿಯ ವಿಷಯದಲ್ಲಿ ಪರಿಚಯವು ಮೋಸಕ್ಕೆ ತಿರುಗುತ್ತದೆ. ಹೋಳಿಯ ಕಾಲಕ್ಕೆ ರಾಮಲಿಂಗ ಕಾಮಣ್ಣನ ದರ್ಶನಕ್ಕೆಂದು ಊರೂರಿನ ಜನ ನವಲಗುಂದದಲ್ಲಿ ಕೂಡುವಾಗ ಬಣ್ಣದ ನೀರನ್ನು ಚಿಮ್ಮಿಸುವ ಹುಡುಗನ ಕೈಯಲ್ಲಿರುವುದು ನಮ್ಮ ಪಿಚಕಾರಿ. ಕಾಬೂಲಿನಲ್ಲಿ ಅದು ಚುಚ್ಚುಮದ್ದು. ಪಿಚ್ಕಾರೀ ಮಾಡುವುದೆಂದರೆ ನಮ್ಮ ಹಳ್ಳಿಗರು ಸೂಜಿ ಮಾಡುವುದು ಎನ್ನುವ ಕ್ರಿಯೆ. ಟೆಹರಾನಿನವರು ಅದಕ್ಕೆ ‘ಆಂಪೂಲ್’ ಅಥವಾ ‘ತಜ್ರೀಕ್’ ಎನ್ನುವುದರಿಂದ ಅಲ್ಲಿನ ಪುಸ್ತಕವನ್ನು ನಂಬಿದವನಿಗೆ ಈ ಪದವು ಸಿಕ್ಕುವುದೇ ದುರ್ಲಭ. ಧಾರವಾಡದವನಿಗೆ ಸಿಕ್ಕುತ್ತದೆ, ಆದರೆ ಚಿಮ್ಮುಗೊಳವಿಯಾಗಿ ಸಿಕ್ಕುತ್ತದೆ. ವೈದ್ಯದ ಸಂದರ್ಭಕ್ಕೆ ಹೊಂದಿಸಿಕೊಂಡು ಅವನು ಇಂಗ್ಲಿಷಿನಲ್ಲಿ ಸಿರಿಂಜು ಎಂದು ಬರೆಯುತ್ತಾನೆ: ಡಾಕ್ಟರರನ್ನು ಕೇಳದೆ ಸಿರಿಂಜನ್ನು ಬಳಸಬೇಡಿರಿ. ಈ ವಾಕ್ಯವನ್ನು ಓದಿ ಯಾರೂ ನಗುವುದಿಲ್ಲ, ಯಾರೂ ಸಂಶಯಪಡುವುದಿಲ್ಲ. ಎಲ್ಲ ವಿಧದಿಂದಲೂ ಅದು ಯುಕ್ತವಾದ ಸೂಚನೆಯಂತೆಯೇ ಕಾಣುತ್ತದೆ. ಆದರೆ ಚಮಚದಿಂದ ಕುಡಿಯಲೊಲ್ಲದ ಕೂಸಿನ ಬಾಯಿಗೆ ಸೂಜಿ ತೆಗೆದ ಸಿರಿಂಜಿನಿಂದಲೇ ಓ.ಆರ್.ಎಸ್. ನೀರನ್ನು ಹನಿಹನಿಯಾಗಿ ಹಾಕುವುದು ಆರೋಗ್ಯ ಕಾರ್ಯಕರ್ತೆಯರು ಅನುಸರಿಸುವ ಒಂದು ಉಪಾಯ. ಮೂಲದ ಪ್ರಕಟಣೆಯು ತಡೆಯಲು ಬಯಸಿದ್ದು ಅನಾವಶ್ಯಕವಾದ ಚುಚ್ಚುಮದ್ದನ್ನು. ಅನುವಾದವು ತಡೆದದ್ದು ಆವಶ್ಯಕವಾದ ನೀರನ್ನು.

ನನ್ನ ವಾದದ ತಿರುಳು ಇಷ್ಟೆ. ದರಿ, ಫಾರ್ಸಿಗಳ ಭೇದವನ್ನು ಅಷ್ಟು ದೊಡ್ಡದು ಮಾಡಬೇಕಿಲ್ಲ, ಸಂದರ್ಭವೇ ಅರ್ಥವನ್ನು ತಿದ್ದುತ್ತದೆ ಎಂದು ಹೇಳುವವರು ಚೆರ್ರಿಯ ದೃಷ್ಟಾಂತವನ್ನು ಕೊಡುತ್ತಾರೆ. ಅಲ್ಲಿ ಅವರ ಮಾತು ನಿಜವೂ ಹೌದು. ಆದರೆ ಸಂದರ್ಭವು ತಿದ್ದಬಲ್ಲದ್ದು ಸಂದರ್ಭಕ್ಕೆ ವಿರುದ್ಧವಾದ ತಪ್ಪನ್ನು ಮಾತ್ರ. ಸಂದರ್ಭದೊಡನೆ ಹೊಂದಿಕೊಂಡು ಕುಳಿತ ತಪ್ಪನ್ನು ಅದು ತಿದ್ದುವುದಿರಲಿ, ತಾನೇ ಬೆಂಬಲಿಸುತ್ತದೆ. ಆರೋಗ್ಯ ಪ್ರಕಟಣೆಯಲ್ಲಿ ಎಲ್ಲ ಪದಗಳೂ ಮದ್ದು, ವೈದ್ಯ, ರೋಗಿ ಎಂಬ ಒಂದೇ ವಲಯದವಾದುದರಿಂದ ಈ ಎರಡನೆಯ ಬಗೆಯ ತಪ್ಪಿಗೆ ಅಲ್ಲಿ ಅವಕಾಶ ಹೆಚ್ಚು.

ಅದರ ಪೂರ್ಣರೂಪವನ್ನು ದವಾಖಾನೆಯಲ್ಲಿ ಕಾಣಬಹುದು. ನಮ್ಮ ಸೀಮೆಯಲ್ಲಿ ಈ ಮಾತಿನ ವಿಸ್ತಾರ ದೊಡ್ಡದು: ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವೂ ದವಾಖಾನಿ, ತಾಲೂಕಿನ ಸರ್ಕಾರಿ ಆಸ್ಪತ್ರೆಯೂ ದವಾಖಾನಿ, ಪೇಟೆಯಲ್ಲಿ ಒಂದು ಕೋಣೆ ಹಿಡಿದು ಕುಳಿತ ಖಾಸಗಿ ವೈದ್ಯನದೂ ದವಾಖಾನಿ. ಅದರೊಳಗೆ ಬಾರದೆ ಉಳಿಯುವುದು ಒಂದೇ, ಮದ್ದು ಮಾರುವ ಅಂಗಡಿ. ಅದಕ್ಕೆ ನಾವು ಮೆಡಿಕಲ್ ಅನ್ನುತ್ತೇವೆ. ಕಾಬೂಲಿನಲ್ಲಿ ಇದು ನೇರವಾಗಿ ತಿರುಗುಮುರುಗು. ಅಲ್ಲಿ ದವಾಖಾನಾ ಎಂದರೆ ಆ ಮದ್ದಿನಂಗಡಿಯೇ. ರೋಗಿಯನ್ನು ಮಲಗಿಸಿಕೊಂಡು ನೋಡುವ ಆಸ್ಪತ್ರೆಯು ಶಫಾಖಾನಾ. ಅದಕ್ಕಿಂತ ಚಿಕ್ಕದು ಕ್ಲಿನಿಕ್. ವೈದ್ಯನ ಖಾಸಗಿ ಕೋಣೆಯು ಮುಆಯಿನಾಖಾನಾ. ಟೆಹರಾನಿನಲ್ಲಿ ಆಸ್ಪತ್ರೆಯು ‘ಬೀಮಾರಿಸ್ತಾನ್’, ಮದ್ದಿನಂಗಡಿಯು ‘ದಾರೂಖಾನೆ’. ಈ ಕೊನೆಯ ಮಾತನ್ನು ಕೇಳಿದ ಕುಂದಗೋಳದವನು ಶೆರೆಯಂಗಡಿಯೆಂದು ತಿಳಿದು ಮುಗುಳ್ನಗೆ ನಕ್ಕರೆ ಅವನದು ತಪ್ಪಲ್ಲ.

ನಮ್ಮ ಇಬ್ಬರು ಅನುವಾದಕರು ಈ ಎರಡು ಪದಗಳಲ್ಲಿ ಒಂದೊಂದಕ್ಕೆ ಬಲಿಯಾಗುತ್ತಾರೆ. ಧಾರವಾಡದವನು ಶಫಾಖಾನೆಯನ್ನು ಉರ್ದುವಿನ ಬಲದಿಂದ ಆಸ್ಪತ್ರೆಯೆಂದು ಸರಿಯಾಗಿ ಗುರುತಿಸಿ ದವಾಖಾನೆಯಲ್ಲಿ ಎಡವುತ್ತಾನೆ, ಓ.ಆರ್.ಎಸ್. ಪುಡಿಯು ಆಸ್ಪತ್ರೆಯಲ್ಲಿ ದೊರೆಯುವುದೆಂದು ಬರೆಯುತ್ತಾನೆ. ಸಾಮಾನ್ಯ ಭೇದಿಯ ಮಗುವಿಗೆ ಓಣಿಯ ಅಂಗಡಿಯಿಂದ ಪುಡಿ ತಂದು ಒಂದು ಲೀಟರು ಶುದ್ಧ ನೀರಿನಲ್ಲಿ ಕದಡಿ ಕುಡಿಸಬಹುದಾಗಿದ್ದ ತಾಯಿಯು, ಆ ಇಂಗ್ಲಿಷನ್ನು ನಂಬಿದ ಕಾರ್ಯಕರ್ತನ ಮಾತಿನಂತೆ, ಹರದಾರಿಗಟ್ಟಲೆ ದೂರದ ಆಸ್ಪತ್ರೆಗೆ ಹೊರಡಬೇಕಾಗುತ್ತದೆ. ಪುಡಿಯನ್ನು ಹಂಚುವ ಪರಿಹಾರ ಸಂಸ್ಥೆಯ ಅಧಿಕಾರಿಯು ಅಂಗಡಿಗಳನ್ನು ಬಿಟ್ಟು ಆಸ್ಪತ್ರೆಯ ಉಗ್ರಾಣವನ್ನು ತುಂಬುತ್ತಾನೆ. ಟೆಹರಾನಿನ ಓದಿನವನು ದವಾ ಎಂಬುದರ ಅರ್ಥವನ್ನು ಹಿಡಿದು ಮದ್ದಿನಂಗಡಿಯೆಂದು ಸರಿಯಾಗಿ ಊಹಿಸಿದರೂ ಶಫಾಖಾನೆಯಲ್ಲಿ ಸಿಕ್ಕಿಕೊಳ್ಳುತ್ತಾನೆ: ಆಸ್ಪತ್ರೆಯೆಂದರೆ ಅವನಿಗೆ ಬೀಮಾರಿಸ್ತಾನವೇ ಆದುದರಿಂದ, ಇದು ಅದಕ್ಕಿಂತ ಕೆಳಗಿನದಾಗಿರಬೇಕೆಂದು ತರ್ಕಿಸಿ ಕ್ಲಿನಿಕ್ ಎಂದು ಬರೆದರೆ, ರಕ್ತಭೇದಿಯ ಮಗುವನ್ನು ಹಾಸಿಗೆಯಿಲ್ಲದ, ಸಲೈನ್ ಏರಿಸಲು ಅನುಕೂಲವಿರದ ಚಿಕ್ಕ ಸ್ಥಳಕ್ಕೆ ಕಳಿಸಿದಂತಾಗುತ್ತದೆ. ಒಬ್ಬನು ಸಣ್ಣ ರೋಗಿಯನ್ನು ದೊಡ್ಡ ಬಾಗಿಲಿಗೆ, ಇನ್ನೊಬ್ಬನು ದೊಡ್ಡ ರೋಗಿಯನ್ನು ಸಣ್ಣ ಬಾಗಿಲಿಗೆ ನೂಕಿದರು. ಎರಡು ಇಂಗ್ಲಿಷ್ ವಾಕ್ಯಗಳೂ ನಿರ್ದುಷ್ಟವಾಗಿ ಕಾಣುತ್ತವೆ.

ಇಷ್ಟನ್ನು ಅರಿತವನು ಜಾಣತನದಿಂದ ‘ಡಿಸ್ಪೆನ್ಸರಿ’ ಎಂಬ ಇಂಗ್ಲಿಷ್ ಮಾತನ್ನು ಆರಿಸಿಕೊಂಡಾನು, ಏಕೆಂದರೆ ಅದರಲ್ಲಿ ಮದ್ದು ಕೊಡುವ ಅರ್ಥವೂ ಇದೆ, ಮುಂಬಯಿ ಇಲಾಖೆಯ ಕಾಲದಿಂದ ನಮ್ಮ ಕಡೆ ದವಾಖಾನೆಗೆ ಅದೇ ಸಮಾನಪದವೂ ಆಗಿದೆ. ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆಯೆಂದು ನನ್ನ ಅಭಿಪ್ರಾಯ. ಭಾರತದ ಓದುಗನಿಗೆ ಅದು ವೈದ್ಯನಿರುವ ಸ್ಥಳ. ಇಂದಿನ ಅಮೆರಿಕದ ಓದುಗನಿಗೆ ಪರವಾನಗಿ ಪಡೆದು ಗಾಂಜಾ ಮಾರುವ ಅಂಗಡಿ. ಫಾರ್ಮಸಿ ಎಂಬುದು ಇವೆಲ್ಲಕ್ಕಿಂತ ನಿಸ್ಸಂದಿಗ್ಧವಾದುದು.

ಹಾಗಾದರೆ ಪ್ರಕಟಣೆಯು ಯಾವ ನಾಡಿನ ಫಾರಸಿಯಲ್ಲಿದೆಯೆಂದು ಮೊದಲೇ ತಿಳಿದುಕೊಂಡರೆ ಕೆಲಸ ಮುಗಿಯಿತೆ? ಬಹುಮಟ್ಟಿಗೆ ಮುಗಿಯುತ್ತದೆ, ಮತ್ತು ತಿಳಿದುಕೊಳ್ಳುವುದು ಕಷ್ಟವೂ ಅಲ್ಲ: ಸಚಿವಾಲಯದ ಹೆಸರಿನಲ್ಲಿ ಸೆಹತ್ ಎಂದಿದ್ದರೆ ಕಾಬೂಲು, ಬೆಹ್ದಾಶ್ತ್ ಎಂದಿದ್ದರೆ ಟೆಹರಾನು, ತಿಂಗಳಿಗೆ ಸರತಾನ್ ಎಂದಿದ್ದರೆ ಕಾಬೂಲು, ಅದೇ ತಿಂಗಳಿಗೆ ತೀರ್ ಎಂದಿದ್ದರೆ ಟೆಹರಾನು, ಲಸಿಕೆಗೆ ವಾಕ್ಸೀನ್ ಎಂದು ಬರೆದಿದ್ದರೆ ಕಾಬೂಲು, ವಾಕ್ಸನ್ ಎಂದು ಬರೆದಿದ್ದರೆ ಟೆಹರಾನು. ಆದರೆ ಗೆರೆಯು ಅಷ್ಟು ಸ್ಪಷ್ಟವಾಗಿ ಎಳೆದುದಲ್ಲ. ಇರಾನಿನಲ್ಲಿ ನಿರಾಶ್ರಿತರಾಗಿ ಬೆಳೆದು ಹಿಂದಿರುಗಿದ ಆಫ್ಘಾನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇರಾನಿನ ಪುಸ್ತಕಗಳು ಕಾಬೂಲಿನಲ್ಲಿ ಓದಲ್ಪಡುತ್ತವೆ. ಹೆರಾತಿನ ಮಾತು ಮೊದಲಿನಿಂದಲೂ ಪಶ್ಚಿಮಕ್ಕೆ ಹತ್ತಿರ. ಹೀಗಾಗಿ ಸೆಹತ್ ಎಂಬ ತಲೆಬರಹದ ಕೆಳಗೆ ಬೀಮಾರಿಸ್ತಾನ್ ಎಂಬ ಪದವು ಬರಲಾರದೆಂದು ಆಣೆಯಿಡುವಂತಿಲ್ಲ. ಒಂದೇ ಹಾಳೆಯಲ್ಲಿ ಎರಡೂ ಬಂದಾಗ, ಒಂದೊಂದು ಪದವನ್ನು ಅದರ ಎದುರಾಳಿ ಪದದೊಡನೆ ಇಟ್ಟು ನೋಡಬೇಕು: ಶಫಾಖಾನೆಯು ಪಕ್ಕದಲ್ಲಿಯೇ ಇರುವಾಗ ದವಾಖಾನೆಯು ಆಸ್ಪತ್ರೆಯಾಗಿರಲು ಸಾಧ್ಯವೆ ಎಂದು ಧಾರವಾಡದವನು ಒಮ್ಮೆ ಕೇಳಿಕೊಂಡಿದ್ದರೆ ಅವನು ಎಡವುತ್ತಿರಲಿಲ್ಲ. ಆಮೇಲೆ ಅನುವಾದವನ್ನು, ಮೂಲವನ್ನು ಕಾಣದ ಒಬ್ಬ ಆಫ್ಘಾನನ ಕೈಗೆ ಕೊಟ್ಟು ದರಿಗೆ ಮರಳಿ ಹೇಳಿಸಬೇಕು. ಹೇಳಿಸುವಾಗ ಪದದ ಅರ್ಥವೇನೆಂದು ವಿಚಾರಿಸುವುದು ವ್ಯರ್ಥ. ಆಸ್ಪತ್ರೆಯ ಅರ್ಥವನ್ನು ಎಲ್ಲರೂ ಹೇಳಬಲ್ಲರು. ಅಲ್ಲಿ ರೋಗಿ ರಾತ್ರಿ ಮಲಗಬಹುದೇ, ಒಳಗೆ ಕುಳಿತವನು ವೈದ್ಯನೋ ಅಂಗಡಿಯವನೋ, ಹಣ ಕೊಡಬೇಕೋ ಬೇಡವೋ ಎಂದು ವಿಚಾರಿಸಿದರೆ ಉತ್ತರವು ತಾನಾಗಿ ಹೊರಬರುತ್ತದೆ.

ಇಂಗ್ಲಿಷ್ ಪ್ರತಿಯಲ್ಲಿ ಹಾಸ್ಪಿಟಲ್, ಫಾರ್ಮಸಿ ಎಂದು ಬರೆದ ಮೇಲೆಯೂ ಶಫಾಖಾನಾ, ದವಾಖಾನಾ ಎಂಬ ಮೂಲಪದಗಳನ್ನು ರೋಮನ್ ಅಕ್ಷರಗಳಲ್ಲಿ ಪಕ್ಕಕ್ಕೆ ಉಳಿಸತಕ್ಕದ್ದು. ಆ ಪ್ರತಿಯನ್ನು ಹಿಡಿದು ಆಫ್ಘಾನ ಹಳ್ಳಿಗೆ ಹೋಗುವ ಪರದೇಶದ ದಾದಿಗೆ ಅಲ್ಲಿ ದಾರಿ ಕೇಳಬೇಕಾಗುತ್ತದೆ. ಕಟ್ಟಡದ ಮೇಲಿನ ಫಲಕದಲ್ಲಿಯೂ ದಾರಿ ಹೇಳುವವನ ಬಾಯಿಯಲ್ಲಿಯೂ ಇರುವ ಹೆಸರು ಅದೇ.